#14 ಅಂದ್ರೆ ಬಲಗಡೆ ಹಲ್ಲೋ, ಎಡಗಡೆಯದೋ?

ಕಾರವಾರ_ಬಿಡಿಎಸ್: ಅಮೆರಿಕದಿಂದ ರಜೆಗೆ ಬಂದ ಪೇಶಂಟ್ ಒಬ್ಬರು ಅಲ್ಲಿನ ಚೀಟಿ ತಂದಿದ್ದಾರೆ. #14 ರೂಟ್ ಕೆನಾಲ್, #19 ಕ್ಯಾಪ್ ಅಂತಿದೆ. 14 ಅಂದ್ರೆ ಮೇಲಿನ ಬಲಗಡೆ ಮೊದಲ ಪ್ರೀಮೋಲಾರ್ ಅಂತ ಗುರುತು ಹಾಕಿದೆ, ನೋಡಿದ್ರೆ ಆ ಹಲ್ಲು ಗಟ್ಟಿಯಾಗೇ ಇದೆ. 19 ಅಂತೂ ನಮ್ಮ ಚಾರ್ಟ್‌ನಲ್ಲೇ ಇಲ್ಲ. ಎಲ್ಲಿ ತಪ್ಪಿದೆ?

ಕುಮಟಾ_ಕಡಲು: ಸುಲಭ. ನಂಬರ್ 32ರ ಒಳಗಿದ್ರೆ ಹಲ್ಲಿಗೆ ನಂಬರ್ ಕೊಡೋ ಅಮೆರಿಕದ ಯೂನಿವರ್ಸಲ್ ಪದ್ಧತಿ, ಮೇಲಿದ್ರೆ ನಮ್ಮ ಎಫ್‌ಡಿಐ.

ಶಿರಸಿ_ದಂತ: ಅರ್ಧ ಸರಿ ಮಾರಾಯ್ರೆ. 32ರ ಮೇಲಿದ್ರೆ ಯೂನಿವರ್ಸಲ್ ಅಲ್ಲ, ನಿಜ. ಆದ್ರೆ 11ರಿಂದ 18, 21ರಿಂದ 28, ಮತ್ತೆ 31, 32 ಎರಡರಲ್ಲೂ ಬರ್ತವೆ. ಜಾರೋದು ಅಲ್ಲೇ.

ಎಫ್‌ಡಿಐನಲ್ಲಿ ಮೊದಲ ಅಂಕಿ ಬಾಯಿಯ ಕಾಲುಭಾಗ, ಎರಡನೆಯದು ನಡುಗೆರೆಯಿಂದ ಎಷ್ಟನೇ ಹಲ್ಲು ಅನ್ನೋದು. ಅದಕ್ಕೇ ‘ಹದಿನಾಲ್ಕು’ ಅನ್ಬೇಡಿ, ‘ಒಂದು-ನಾಲ್ಕು’ ಅನ್ನಿ. ಒಂದು ಕಾಲುಭಾಗದಲ್ಲಿ ಎಂಟೇ ಹಲ್ಲು, ಹಾಗಾಗಿ ಕೊನೆಯಲ್ಲಿ 9 ಅಥವಾ 0 ಬರೋದಿಲ್ಲ. ನಿಮ್ಮ ಚೀಟಿಯ 19 ಅದನ್ನೇ ಹೇಳ್ತಾ ಇದೆ. ಒಂದು ನಂಬರ್ ಯೂನಿವರ್ಸಲ್ ಅಂತ ಗೊತ್ತಾದ್ರೆ ಪಕ್ಕದ 14 ಕೂಡ ಅದೇ.

ಈಗ ಎಣಿಸಿ. ಪೇಶಂಟ್‌ನ ಮೇಲಿನ ಬಲಗಡೆ ಬುದ್ಧಿಹಲ್ಲು 1. ಅಲ್ಲಿಂದ ಎಡಕ್ಕೆ ಹೋಗ್ತಾ ಮುಂದಿನ ಎರಡು ಬಾಚಿಹಲ್ಲು 8, 9. ಹಾಗೇ ಮುಂದೆ ಎಡಗಡೆ ಮೊದಲ ಮೋಲಾರ್ 14, ಅಂದ್ರೆ ನಮ್ಮ 26. ಮೇಲೆ 16ಕ್ಕೆ ಮುಗಿದು, ಕೆಳಗೆ ಎಡತುದಿಯಲ್ಲಿ 17 ಶುರು. 19 ಅಂದ್ರೆ ನಮ್ಮ 36. ಎರಡೂ ಎಡಗಡೆಯವೇ. ಚಾರ್ಟ್‌ನಲ್ಲಿ ಅವು ನಿಮ್ಮ ಬಲಗೈ ಕಡೆ ಇರ್ತವೆ, ಪೇಶಂಟ್ ನಿಮ್ಮೆದುರು ಕೂತ ಹಾಗೆ. ಕಿತ್ತ ಹಲ್ಲಿಗೂ ಅದರ ನಂಬರ್ ಹಾಗೇ ಇರತ್ತೆ. ಖಾಲಿ ಜಾಗ ಬಿಟ್ಟು ಎಣಿಸಿದ್ರೆ ಮುಂದಿನದೆಲ್ಲ ತಪ್ಪು.

ಹೊನ್ನಾವರದ_ಅಮ್ಮ: ನನ್ನ ಮಗನ ಚೀಟಿಯಲ್ಲಿ 85 ಹುಳುಕು ಅಂತಿದೆ. ಅಷ್ಟು ಹಲ್ಲು ಎಲ್ಲಿಂದ ಬಂತಪ್ಪ?

ಶಿರಸಿ_ದಂತ: ಅದು ಎಣಿಕೆ ಅಲ್ಲಕ್ಕ. ಹಾಲುಹಲ್ಲಿಗೆ ಮೊದಲ ಅಂಕಿ 5ರಿಂದ 8. ಎಂಟು-ಐದು ಅಂದ್ರೆ ಕೆಳಗೆ ಬಲಗಡೆ, ಹಿಂದಿನ ಹಾಲುದವಡೆ ಹಲ್ಲು.

ಕುಮಟಾ_ಕಡಲು: ಹಾಲುಹಲ್ಲಿಗೆ ಅಕ್ಷರ ಅಲ್ವಾ?

ಶಿರಸಿ_ದಂತ: ಯೂನಿವರ್ಸಲ್‌ನಲ್ಲಿ A ಇಂದ T, ಇನ್ನೊಂದು ಪದ್ಧತಿಯಾದ ಪಾಮರ್‌ನಲ್ಲಿ A ಇಂದ E. ಬರೀ E ಅಂತ ಬರೆದ್ರೆ ಕಷ್ಟ: ಯೂನಿವರ್ಸಲ್‌ನಲ್ಲಿ ಅದು ಮೇಲಿನ ಬಲಗಡೆ ಮುಂದಿನ ಬಾಚಿಹಲ್ಲು, ಪಾಮರ್‌ನಲ್ಲಿ ಹಿಂದಿನ ದವಡೆ ಹಲ್ಲು. ಪಾಮರ್‌ನಲ್ಲಿ ಯಾವ ಕಡೆ ಅಂತ ಹೇಳೋದು ಸುತ್ತಲಿನ ಗೆರೆ. ಟೈಪ್ ಮಾಡುವಾಗ ಮೊದಲು ಕಾಣೆಯಾಗೋದೂ ಅದೇ.

ಕಾರವಾರ_ಬಿಡಿಎಸ್: 26 ತಟ್ಟಿ ನೋಡಿದೆ, ನೋವಿದೆ. ಎಕ್ಸ್-ರೇನಲ್ಲಿ ಬೇರಿನ ತುದಿಗೆ ಕಪ್ಪು ನೆರಳೂ ಇದೆ. ಆದ್ರೆ ಅವರ ಹೆಂಡತಿಯ ಚೀಟಿಯಲ್ಲಿ ಬರೀ 24 ಅಂತಿದೆ, ಬೇರೇನೂ ಇಲ್ಲ.

ಶಿರಸಿ_ದಂತ: ಮೇಲಿನ ಎಡ ಮೊದಲ ಪ್ರೀಮೋಲಾರ್ ಇರಬಹುದು, ಕೆಳಗಿನ ಎಡ ಮುಂದಿನ ಬಾಚಿಹಲ್ಲೂ ಇರಬಹುದು. ಬರೆದವರನ್ನೇ ಕೇಳ್ಬೇಕು. ಅಲ್ಲಿವರೆಗೆ ಎರಡರದ್ದೂ ಎಕ್ಸ್-ರೇ ತೆಗೆಸಿಡಿ, ಡ್ರಿಲ್ ಮುಟ್ಬೇಡಿ.