ರಿಫರ್ಬಿಶ್ಡ್ ಲ್ಯಾಪ್‌ಟಾಪ್: ವಾಪಸ್ ಅವಧಿಯೊಳಗೆ ಬ್ಯಾಟರಿ ಪರೀಕ್ಷಿಸುವುದು ಹೇಗೆ?

ಸುಮಾ: ಮಗಳ ಓದಿಗೆ ಆನ್‌ಲೈನ್‌ನಲ್ಲಿ ಒಂದು ರಿಫರ್ಬಿಶ್ಡ್ ಲ್ಯಾಪ್‌ಟಾಪ್ ನೋಡಿಟ್ಟಿದ್ದೇನೆ. ‘ಎ ಗ್ರೇಡ್, ಬ್ಯಾಟರಿ 80%ಕ್ಕಿಂತ ಮೇಲೆ, 6 ತಿಂಗಳ ವಾರಂಟಿ, 10 ದಿನದೊಳಗೆ ವಾಪಸ್’ ಎಂದು ಬರೆದಿದ್ದಾರೆ. ವಿಂಡೋಸ್ ಇದೆ. ಕೈಗೆ ಬಂದ ಮೇಲೆ ಆ 10 ದಿನದಲ್ಲಿ ಏನು ನೋಡಬೇಕು? ಬ್ಯಾಟರಿಯದ್ದೇ ಹೆಚ್ಚು ಚಿಂತೆ.

ನಾಗರಾಜ್: ಎ ಗ್ರೇಡ್ ಅಂದರೆ ಕಡಿಮೆ ಬಳಸಿದ ಮಾಲು, ಬ್ಯಾಟರಿಯೂ ಚೆನ್ನಾಗಿಯೇ ಇರುತ್ತದೆ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆದು CYCLE COUNT, ಅಂದರೆ ಎಷ್ಟು ಸಲ ಪೂರ್ತಿ ಚಾರ್ಜಿನಷ್ಟು ಬಳಕೆಯಾಗಿದೆ ಎಂಬುದನ್ನು ನೋಡಿ. 300ರ ಒಳಗಿದ್ದರೆ ಕಣ್ಣು ಮುಚ್ಚಿ ಇಟ್ಟುಕೊಳ್ಳಿ.

ವಸಂತ: ನಾಗರಾಜ್ ಸರ್ ಹೇಳಿದ್ದರಲ್ಲಿ ರಿಪೋರ್ಟ್ ತೆಗೆಯಬೇಕು ಎನ್ನುವುದು ಸರಿ, ಗ್ರೇಡಿನ ಮಾತು ಸರಿಯಲ್ಲ. ಗ್ರೇಡ್ ಕೊಡುವುದು ಸಾಮಾನ್ಯವಾಗಿ ಹೊರಮೈ ನೋಡಿ: ಗೀರು, ತಗ್ಗು, ಪರದೆಯ ಕಲೆ, ಕೀಬೋರ್ಡಿನ ಹೊಳಪು. ಅದಕ್ಕೆ ಎಲ್ಲರೂ ಒಪ್ಪಿದ ಅಳತೆಯೂ ಇಲ್ಲ. ಒಬ್ಬರ ಎ ಇನ್ನೊಬ್ಬರ ಬಿ ಆಗಿರಬಹುದು. ಕಚೇರಿಯ ಮೇಜಿನ ಮೇಲೆ ವರ್ಷಗಟ್ಟಲೆ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದ ಲ್ಯಾಪ್‌ಟಾಪಿಗೆ ಒಂದು ಗೀರೂ ಇರುವುದಿಲ್ಲ, ಸೈಕಲ್ ಸಂಖ್ಯೆಯೂ ಕಡಿಮೆ. ಆದರೆ ಸದಾ ತುಂಬಿದ ಚಾರ್ಜಿನಲ್ಲಿ, ಬಿಸಿಯಲ್ಲಿ ಕೂತ ಬ್ಯಾಟರಿ ಬಳಸದೆಯೂ ಸವೆಯುತ್ತದೆ. ಹಾಗಾಗಿ ಸೈಕಲ್ ಒಂದನ್ನೇ ನಂಬಬೇಡಿ. ಎಷ್ಟೋ ಮಾದರಿಗಳಲ್ಲಿ ಆ ಜಾಗದಲ್ಲಿ ಬರೀ ಗೆರೆಯೇ ಇರುತ್ತದೆ.

ಸುಮಾ ಅವರೇ, ಲ್ಯಾಪ್‌ಟಾಪ್ ಬಂದ ದಿನವೇ ಕಮಾಂಡ್ ಪ್ರಾಂಪ್ಟ್ ತೆರೆದು ಇದನ್ನು ಕೊಡಿ:

```
powercfg /batteryreport /output battery1.html
```

ಫೈಲ್ ಎಲ್ಲಿ ಉಳಿಯಿತು ಎಂದು ಅದೇ ತೋರಿಸುತ್ತದೆ. ಬ್ರೌಸರ್‌ನಲ್ಲಿ ತೆರೆದು DESIGN CAPACITY ಮತ್ತು FULL CHARGE CAPACITY ಎರಡನ್ನು ಬರೆದುಕೊಳ್ಳಿ. ಮೊದಲನೆಯದು ಹೊಸದಿದ್ದಾಗ ಹಿಡಿಯಬೇಕಿದ್ದ ಚಾರ್ಜು, ಎರಡನೆಯದು ಈಗ ಹಿಡಿಯುವುದು. ಮೊದಲನೆಯದು 50,000 mWh, ಎರಡನೆಯದು 41,200 ಎಂದಿಟ್ಟುಕೊಳ್ಳಿ. ಭಾಗಿಸಿದರೆ 82.4%. ಮಾರಿದವರ ಮಾತು ಉಳಿಯಿತು ಅನ್ನಿಸುತ್ತದೆ. ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ, ನಿಲ್ಲಿಸಬಾರದು.

ಈ 41,200 ಬ್ಯಾಟರಿಯೊಳಗಿನ ಚಿಪ್ ಮಾಡಿದ ಅಂದಾಜು. ಸಾಮಾನ್ಯವಾಗಿ ಪೂರ್ತಿ ತುಂಬಿ ಪೂರ್ತಿ ಇಳಿದಾಗ ಆ ಅಂದಾಜು ಸರಿಯಾಗಿ ತಿದ್ದಿಕೊಳ್ಳುತ್ತದೆ. ಗೋದಾಮಿನಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಲ್ಯಾಪ್‌ಟಾಪ್ ಹಳೆಯ ಅಂಕಿಯನ್ನೇ ತೋರಿಸುತ್ತಿರಬಹುದು. ಮಾರಿದವರು ಸುಳ್ಳು ಹೇಳಿರಬೇಕೆಂದೇನಿಲ್ಲ, ಅವರು ಕಂಡದ್ದೂ ಅದೇ ಅಂಕಿ.

ಆದ್ದರಿಂದ ಒಂದು ಪೂರ್ತಿ ಸುತ್ತು ಓಡಿಸಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜು 80%ಕ್ಕೆ ನಿಲ್ಲುವಂತೆ ಸೆಟ್ಟಿಂಗ್ ಇಟ್ಟಿರುತ್ತಾರೆ, ಮೊದಲು ಅದನ್ನು ತೆಗೆಯಿರಿ. 100% ಆದ ಮೇಲೂ ಎರಡು ಗಂಟೆ ಚಾರ್ಜರ್ ಇರಲಿ. ಆಮೇಲೆ ಕಿತ್ತು, ಪರದೆಯ ಬೆಳಕು ಅರ್ಧಕ್ಕೆ ಇಟ್ಟು, ಸ್ಲೀಪ್ ಆಗದಂತೆ ಮಾಡಿ, ವಿಡಿಯೊ ಹಚ್ಚಿಬಿಡಿ. ತಾನಾಗಿ ಆರುವವರೆಗೆ ಓಡಲಿ. ಅರ್ಧ ಗಂಟೆಗೊಮ್ಮೆ ಎಷ್ಟು ಶೇಕಡಾ ಉಳಿದಿದೆ ಎಂದು ಬರೆದಿಡಿ. ಆರಿದ ಮೇಲೆ ಎರಡು ಗಂಟೆ ಬಿಟ್ಟು, ನಡುವೆ ಕೀಳದೆ ಪೂರ್ತಿ ಚಾರ್ಜ್ ಮಾಡಿ, battery2.html ಎಂಬ ಹೆಸರಿನಲ್ಲಿ ಮತ್ತೆ ರಿಪೋರ್ಟ್ ತೆಗೆಯಿರಿ.

ಈಗ FULL CHARGE CAPACITY 36,900ಕ್ಕೆ ಇಳಿದಿದ್ದರೆ ಅದು 73.8%. ‘80%ಕ್ಕಿಂತ ಮೇಲೆ’ ಎಂಬ ಮಾತು ಬಿದ್ದುಹೋಯಿತು, ಎರಡೂ ರಿಪೋರ್ಟ್ ಸೇರಿಸಿ ವಾಪಸ್ ಕೇಳಿ. ಬಳಕೆಯ ಲೆಕ್ಕದಲ್ಲಿ ಹೇಳುವುದಾದರೆ, ಗಂಟೆಗೆ ಸುಮಾರು 9,000 mWh ಉಣ್ಣುವ ಕೆಲಸಕ್ಕೆ 41,200 ಇದ್ದಾಗ ನಾಲ್ಕೂವರೆ ಗಂಟೆ, 36,900 ಇದ್ದಾಗ ನಾಲ್ಕು ಗಂಟೆ.

ಅಂಕಿಗಿಂತ ಕೆಟ್ಟ ಲಕ್ಷಣ ಇನ್ನೊಂದಿದೆ. ನೀವು ಬರೆದಿಟ್ಟ ಪಟ್ಟಿಯಲ್ಲಿ ಶೇಕಡಾ ಒಂದೇ ಸಮನೆ ಇಳಿಯಬೇಕು. 30% ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 6%ಕ್ಕೆ ಬಿದ್ದರೆ ಅಥವಾ ಆರಿಯೇ ಹೋದರೆ, ಅಂದಾಜು ಹಳೆಯದಾಗಿರಬಹುದು ಅಥವಾ ಒಳಗಿನ ಒಂದು ಸೆಲ್ ಸೋತಿರಬಹುದು. ಇನ್ನೊಂದು ಸುತ್ತಿನಲ್ಲೂ ಹಾಗೇ ಬಿದ್ದರೆ ಸೆಲ್ಲಿನದ್ದೇ ದೋಷ ಎಂದು ತಿಳಿಯಿರಿ. ಅಂಥದ್ದನ್ನು ಇಟ್ಟುಕೊಳ್ಳಬೇಡಿ.

ಫರೀದಾ: ನನ್ನ ಹತ್ತಿರ ಮ್ಯಾಕ್‌ಬುಕ್ ಇದೆ, ಈ ಕಮಾಂಡ್ ಅದರಲ್ಲಿ ಬರುತ್ತಿಲ್ಲವಲ್ಲ? 78% ತೋರಿಸುತ್ತಿದೆ. ಇದನ್ನು ಮಾರಿ ರಿಫರ್ಬಿಶ್ಡ್ ತಗೊಳ್ಳೋದು ಒಳ್ಳೆಯದಾ?

ವಸಂತ: ಫರೀದಾ ಅವರೇ, powercfg ವಿಂಡೋಸ್‌ನದ್ದು. ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್‌ನ ಬ್ಯಾಟರಿ ಪುಟದಲ್ಲೇ ಆರೋಗ್ಯ ಕಾಣುತ್ತದೆ. ಬ್ಯಾಟರಿ ಮಾತ್ರ ದಣಿದಿದ್ದರೆ ಅದನ್ನಷ್ಟೇ ಬದಲಿಸುವುದು ವಾಸಿ. ಬದಲಿಗೆ ಬರುವ ರಿಫರ್ಬಿಶ್ಡ್ ಲ್ಯಾಪ್‌ಟಾಪಿನಲ್ಲೂ 80%ರ ಬ್ಯಾಟರಿಯೇ ಬರಬಹುದು.

ಪ್ರಕಾಶ (ರಿಪೇರಿ ಕೆಲಸ): ಒಂದು ಮಾತು ಸೇರಿಸುತ್ತೇನೆ. ಸೈಕಲ್ 0 ಅಥವಾ 1, ಎರಡೂ ಅಂಕಿ ಸರಿಸಮ ಇದ್ದರೆ ಸಂತೋಷಪಡುವ ಮುಂಚೆ, ಆ ಮಾದರಿಗೆ ತಯಾರಕರು ಕೊಟ್ಟ ಬ್ಯಾಟರಿ ಎಷ್ಟು Wh ಎಂದು ಅವರ ಪುಟದಲ್ಲಿ ನೋಡಿ. 50 Wh, ಅಂದರೆ 50,000 mWh ಇರಬೇಕಾದ ಕಡೆ ರಿಪೋರ್ಟ್ 42,000 mWh ಎಂದರೆ ಬೇರೆ ಕಂಪನಿಯ ಬ್ಯಾಟರಿ ಹಾಕಿದ್ದಾರೆ, ಇಲ್ಲವೇ ಆ ಮಾದರಿಯಲ್ಲೇ ಚಿಕ್ಕ ಬ್ಯಾಟರಿಯ ಆಯ್ಕೆ ಇದ್ದಿರಬೇಕು.

ಇನ್ನು ಉಬ್ಬು. ಮುಚ್ಚಿದ ಲ್ಯಾಪ್‌ಟಾಪನ್ನು ಸಮತಟ್ಟಾದ ಗಾಜಿನ ಮೇಲೆ ಇಟ್ಟು ಮೂಲೆ ಒತ್ತಿ. ತೂಗಾಡಿದರೆ, ಟಚ್‌ಪ್ಯಾಡ್ ಮೇಲೆದ್ದಿದ್ದರೆ ಅಥವಾ ಕ್ಲಿಕ್ ಬಿಗಿಯಾಗಿದ್ದರೆ ಬ್ಯಾಟರಿ ಉಬ್ಬಿರುವ ಸಾಧ್ಯತೆ ಇದೆ. ಆಗ ವಸಂತ ಅವರು ಹೇಳಿದ ಸುತ್ತು ಓಡಿಸಲೇಬೇಡಿ. ಚಾರ್ಜಿಗೂ ಹಾಕದೆ ಫೋಟೊ ತೆಗೆದು ಮಾರಿದವರಿಗೆ ತಿಳಿಸಿ.

ನಾಗರಾಜ್: ಬೇರೆ ಕಂಪನಿಯದ್ದಾದರೂ ಹೊಸ ಬ್ಯಾಟರಿ ಹೊಸದೇ ಅಲ್ಲವೇ? ನಾನಂತೂ ಸವೆದ ಒರಿಜಿನಲ್‌ಗಿಂತ ಅದನ್ನೇ ಆರಿಸುತ್ತೇನೆ.

ಪ್ರಕಾಶ (ರಿಪೇರಿ ಕೆಲಸ): ಕೆಲವು ಚೆನ್ನಾಗಿ ಬಾಳುತ್ತವೆ, ಒಪ್ಪುತ್ತೇನೆ. ಕೆಲವು ಬೇಗ ಕುಸಿಯುತ್ತವೆ, ಹೊರಗಿನಿಂದ ಹೇಳಲಾಗದು. ಬದಲಿಸಿದ್ದನ್ನು ಜಾಹೀರಾತಿನಲ್ಲಿ ಮುಚ್ಚಿಟ್ಟಿದ್ದರೆ ನನಗೆ ಅನುಮಾನ.

ಜಯಶ್ರೀ: ಬ್ಯಾಟರಿಯ ಗಲಾಟೆಯಲ್ಲಿ ಬೀಗ ಮರೆಯಬೇಡಿ. ಮೊದಲ ದಿನವೇ, ಬ್ಯಾಟರಿ ರಿಪೋರ್ಟ್ ತೆಗೆಯುವ ಮುಂಚೆ, ವಿಂಡೋಸ್ ರೀಸೆಟ್ ಮಾಡಿ, ಸೆಟಪ್ ವೇಳೆ ಇಂಟರ್ನೆಟ್‌ಗೆ ಜೋಡಿಸಿ. ಯಾವುದೋ ಸಂಸ್ಥೆಯ ಹೆಸರು ಬಂದು ಅವರ ಲಾಗಿನ್ ಕೇಳಿದರೆ, ಹಳೆಯ ಮಾಲೀಕರು ಅದನ್ನು ತಮ್ಮ ಪಟ್ಟಿಯಿಂದ ತೆಗೆದಿಲ್ಲ. ಇಂಟರ್ನೆಟ್ ಇಲ್ಲದೆ ಸೆಟಪ್ ಮಾಡಿ ಕಳಿಸಿದ್ದರೆ ಇದು ಕಾಣುವುದಿಲ್ಲ, ಮುಂದೊಂದು ದಿನ ರೀಸೆಟ್ ಮಾಡಿದಾಗ ಎದುರಾಗುತ್ತದೆ. ಬಯಾಸ್‌ಗೆ ಹೋದಾಗ ಪಾಸ್‌ವರ್ಡ್ ಕೇಳಿದರೂ ವಾಪಸ್ ಕೊಡಿ.

ಮಾರುವವರ ಬಗ್ಗೆ: ಐದು ನಕ್ಷತ್ರದ ಹೊಗಳಿಕೆ ಹೆಚ್ಚಾಗಿ ಪೆಟ್ಟಿಗೆ ಬಿಚ್ಚಿದ ದಿನದ್ದು. ಎರಡು ಮೂರು ನಕ್ಷತ್ರದ, ಇತ್ತೀಚಿನ ವಿಮರ್ಶೆ ಓದಿ. ವಾಪಸ್ ಕೇಳಿದವರಿಗೆ ಹಣ ಬಂತೇ ಎನ್ನುವುದಷ್ಟನ್ನೇ ಹುಡುಕಿ.

ಸುಮಾ: ಈಗ ವಾರಂಟಿಯ ಷರತ್ತು ಓದಿದೆ. ‘ಬ್ಯಾಟರಿ ಮತ್ತು ಅಡಾಪ್ಟರ್ ಸೇರಿಲ್ಲ’ ಎಂದಿದೆ. ಹಾಗಾದರೆ ಆ 80%ಕ್ಕೆ ಏನು ಬೆಲೆ?

ಜಯಶ್ರೀ: ಅವರ ಷರತ್ತಿನ ಪ್ರಕಾರ ಬ್ಯಾಟರಿಯ ಮಟ್ಟಿಗೆ ನಿಮಗಿರುವ ರಕ್ಷಣೆ ಆ 10 ದಿನ ಮಾತ್ರ. ಹಣ ಕೊಡುವ ಮುಂಚೆ ಚಾಟ್‌ನಲ್ಲಿ ಮೂರು ಪ್ರಶ್ನೆ ಕೇಳಿ, ಉತ್ತರ ಉಳಿಸಿಕೊಳ್ಳಿ: 80% ಎನ್ನುವುದು DESIGN CAPACITYಗೆ ಹೋಲಿಸಿದ್ದೇ? ಪೂರ್ತಿ ಸುತ್ತಿನ ನಂತರ ಕಡಿಮೆ ಬಂದರೆ ವಾಪಸ್ ಪಡೆಯುತ್ತೀರಾ, ಕಳಿಸುವ ಖರ್ಚು ಯಾರದ್ದು? 10 ದಿನ ಬಿಲ್ಲಿನ ತಾರೀಖಿನಿಂದಲೋ, ಕೈಗೆ ಬಂದ ದಿನದಿಂದಲೋ?

ವಸಂತ: ಬಿಲ್ಲಿನ ತಾರೀಖು ಎಂದರೆ ಸಾಗಣೆಗೇ ನಾಲ್ಕೈದು ದಿನ ಹೋಗಬಹುದು. ಪೂರ್ತಿ ಸುತ್ತಿಗೆ ಎರಡು ದಿನ ಬೇಕು, ಅನುಮಾನ ಬಂದು ಎರಡನೇ ಸುತ್ತು ಓಡಿಸಿದರೆ ಇನ್ನೆರಡು. ಅವರ ಉತ್ತರ ಬಂದ ಮೇಲೆ ಇಲ್ಲಿ ಹಾಕಿ, ದಿನ ಸಾಲುತ್ತದೆಯೇ ಲೆಕ್ಕ ಹಾಕೋಣ.