‘ಅನುಮೋದನೆ ಬಾಕಿ’ ಎಂದರೆ ಕೆಲಸ ಸಿಕ್ಕಿದ ಹಾಗೆಯೇ?

ಕುಶಾಲನಗರದಿಂದ: ಇಲ್ಲಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಅಕೌಂಟ್ಸ್ ಕೆಲಸಕ್ಕೆ ಆರಿಸಿದ ಅಭ್ಯರ್ಥಿಗೆ ಮೇಲ್ ಕಳಿಸಬೇಕಿದೆ. ಸಂಬಳದ ಮಾತು ಮುಗಿದಿದೆ, ಬೆಂಗಳೂರಿನ ಹೆಡ್ ಆಫೀಸಿನ ಸಹಿ ಬಂದಿಲ್ಲ. ‘ನಿಮ್ಮ ಆಫರ್ ಆಂತರಿಕ ಅನುಮೋದನೆಯ ಹಂತದಲ್ಲಿದ್ದು, ಶೀಘ್ರದಲ್ಲೇ ತಿಳಿಸಲಾಗುವುದು’ ಎಂದು ಬರೆದಿದ್ದೇನೆ. ‘ಅನುಮೋದನೆ’ ಇರಲೇ, ‘ಮಂಜೂರಾತಿ’ ಮಾಡಲೇ?

ಮಡಿಕೇರಿಯಿಂದ: ಎರಡೂ ಒಂದೇ. ಸಂಬಳ ಮಾತಾಡಿದ ಮೇಲೆ ಕೆಲಸ ಖಾತ್ರಿ, ಉಳಿದದ್ದು ಕಾಗದದ ಕೆಲಸ.

ವಿರಾಜಪೇಟೆಯಿಂದ: ಪೂರ್ತಿ ಒಂದೇ ಅಲ್ಲ. ಪ್ರಸ್ತಾವಕ್ಕೆ ಅನುಮೋದನೆ ಎನ್ನುತ್ತೇವೆ. ಹಣ, ಹುದ್ದೆ, ರಜೆಗೆ ಮಂಜೂರಾತಿ. ಆದರೆ ಈ ವಾಕ್ಯದಲ್ಲಿ ಅಪಾಯ ಇರುವುದು ‘ನಿಮ್ಮ ಆಫರ್’ ಎಂಬಲ್ಲಿ. ಇನ್ನೂ ಆಗದ ಆಫರ್ ಆಗಿದೆ ಎಂದು ಓದಿ ಆಕೆ ಈಗಿನ ಕಡೆ ನೋಟಿಸ್ ಕೊಟ್ಟುಬಿಟ್ಟರೆ? ಬಾಕಿ ಇರುವುದು ಯಾವ ಸಹಿ ಎಂದು ಮೊದಲು ಕೇಳಿಕೊಳ್ಳಿ. ಸಂಬಳದ್ದಾದರೆ ಮೊತ್ತ ಬದಲಾಗಬಹುದು. ಹುದ್ದೆಯದ್ದೇ ಆದರೆ ಆಫರ್ ಬಾರದೆಯೂ ಇರಬಹುದು.

ಸೋಮವಾರಪೇಟೆಯಿಂದ: ನನ್ನ ತಂಗಿಯದೂ ಇದೇ ಕಥೆ. ಸರ್ಕಾರಿ ನೇಮಕಾತಿಯ ತಾತ್ಕಾಲಿಕ ಆಯ್ಕೆ ಪಟ್ಟಿಯಲ್ಲಿ ಹೆಸರಿದೆ, ಅಂತಿಮ ಪಟ್ಟಿ ಬಂದಿಲ್ಲ. ಇಲ್ಲಿಯೂ ‘ತಾತ್ಕಾಲಿಕ ಆಯ್ಕೆ’ ಎಂದರಾಯಿತಲ್ಲ?

ವಿರಾಜಪೇಟೆಯಿಂದ: ಅಲ್ಲಿ ಪಟ್ಟಿ ತಾತ್ಕಾಲಿಕ. ಖಾಸಗಿ ಕಂಪನಿಯ ಮೇಲ್‌ನಲ್ಲಿ ಹಾಗೆ ಬರೆದರೆ ಕೆಲಸವೇ ಹಂಗಾಮಿ ಎಂದುಕೊಳ್ಳುತ್ತಾರೆ.

ಕುಶಾಲನಗರದಿಂದ: ವಿಚಾರಿಸಿದೆ. ಸಂಬಳಕ್ಕೆ ಹಣಕಾಸು ವಿಭಾಗ ಒಪ್ಪಿದೆ, ಹುದ್ದೆಗೆ ನಿರ್ದೇಶಕರ ಸಹಿ ಬೇಕು. ‘ಮುಂದಿನ ವಾರ ಆಗುತ್ತೆ’ ಎಂದರು.

ವಿರಾಜಪೇಟೆಯಿಂದ: ಹಾಗಾದರೆ ಹೀಗೆ ಬರೆಯಿರಿ:

“ಸಂದರ್ಶನ ಮಾಡಿದವರು ಈ ಕೆಲಸಕ್ಕೆ ನಿಮ್ಮ ಹೆಸರು ಸೂಚಿಸಿದ್ದಾರೆ. ಮಾತಾದ ಸಂಬಳಕ್ಕೆ ಹಣಕಾಸು ವಿಭಾಗ ಒಪ್ಪಿದೆ. ಹುದ್ದೆಗೆ ನಿರ್ದೇಶಕರ ಮಂಜೂರಾತಿ ಬಂದಿಲ್ಲ. ಬರುವ ನಿರೀಕ್ಷೆ ಇದೆ, ಖಚಿತವಿಲ್ಲ. ಆಫರ್ ಲೆಟರ್ ಕೈಸೇರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಸಹಿ ಆಗಿರಲಿ, ಆಗದಿರಲಿ, ಅಕ್ಟೋಬರ್ 22ರ ಸಂಜೆ 5 ಗಂಟೆಯೊಳಗೆ ನಾನೇ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಬೇರೆ ಆಫರ್ ಬಂದರೆ, ಅವರಿಗೆ ಯಾವತ್ತಿನೊಳಗೆ ಉತ್ತರ ಕೊಡಬೇಕೆಂದು ತಿಳಿಸಿ.”

22 ಎಂಬುದು ನಿಮ್ಮ ಫೋನಿನ ದಿನ, ಸಹಿಯ ದಿನವಲ್ಲ. ಬೇರೆಯವರ ಸಹಿಗೆ ನೀವು ದಿನ ಕೊಟ್ಟರೆ ಉಳಿಸಿಕೊಳ್ಳಲಾಗದು. ‘ಮುಂದಿನ ವಾರ’ವೂ ಬೇಡ: ತುಲಾ ಸಂಕ್ರಮಣಕ್ಕೆ ಕೊಡಗಿಗೆ ಸ್ಥಳೀಯ ರಜೆ, ಬೆಂಗಳೂರಿಗಿಲ್ಲ. ಅವರು ಎಣಿಸುವ ವಾರವೇ ಬೇರೆ.

ಮಡಿಕೇರಿಯಿಂದ: ‘ಖಚಿತವಿಲ್ಲ’ ಎಂದರೆ ಒಳ್ಳೆಯ ಅಭ್ಯರ್ಥಿ ಕೈಬಿಟ್ಟು ಹೋಗುತ್ತಾರೆ. ‘ಪ್ರಕ್ರಿಯೆ ನಡೆಯುತ್ತಿದೆ’ ಸಾಕು.

ವಿರಾಜಪೇಟೆಯಿಂದ: ಹೋಗಬಹುದು, ಅದು ಆಕೆಯ ಹಕ್ಕು. ಇದ್ದ ಕೆಲಸ ಬಿಟ್ಟ ಮೇಲೆ ‘ಹುದ್ದೆ ಮಂಜೂರಾಗಲಿಲ್ಲ’ ಎಂದು ಹೇಳುವ ಹಾಗಾಗಬಾರದು.

ಮಡಿಕೇರಿಯಿಂದ: ನಾನು ಒಪ್ಪಲಾರೆ. ಮೇಲ್‌ನಲ್ಲಿ ಅಷ್ಟು ಬಿಚ್ಚಿಡುವುದು ಹೆಚ್ಚಾಯಿತು.

ಕುಶಾಲನಗರದಿಂದ: ನಿರ್ದೇಶಕರು ಇದುವರೆಗೆ ಏನೂ ಹೇಳಿಲ್ಲ. ‘ನಿರೀಕ್ಷೆ ಇದೆ’ ಎಂದು ಬರೆಯಬಹುದೇ?

ವಿರಾಜಪೇಟೆಯಿಂದ: ಬಾಯಿಮಾತಿನಲ್ಲಾದರೂ ಹೂಂ ಅಂದಿದ್ದರೆ ಇರಲಿ. ಅಂದಿಲ್ಲವಾದರೆ ‘ಬರುವ ನಿರೀಕ್ಷೆ ಇದೆ, ಖಚಿತವಿಲ್ಲ’ ತೆಗೆದು ‘ಅವರ ತೀರ್ಮಾನ ಇನ್ನೂ ಗೊತ್ತಾಗಿಲ್ಲ’ ಎಂದು ಬರೆಯಿರಿ.