ಸಹಾಯ ಬೇಕು: ವಿಷಲ್‌ಬ್ಲೋವರ್ ನೀತಿಯ ಕನ್ನಡ ಅನುವಾದ

ಎಲ್ಲರಿಗೂ ನಮಸ್ಕಾರ. ನಮ್ಮ ಸಿದ್ಧ ಉಡುಪು ಕಾರ್ಖಾನೆಯ ನಡತೆ ಸಂಹಿತೆಯನ್ನೂ ವಿಷಲ್‌ಬ್ಲೋವರ್ ನೀತಿಯನ್ನೂ ಹೊಲಿಗೆ ವಿಭಾಗದವರು ಓದುವಂತೆ ಕನ್ನಡಕ್ಕೆ ತರುತ್ತಿದ್ದೇನೆ. ವಿಷಲ್‌ಬ್ಲೋವರ್ ಎಂಬುದಕ್ಕೆ ‘ಮಾಹಿತಿದಾರ’ ಎಂದು ಬರೆದಾಗ, ಕರಡು ಓದಿದ ಸೂಪರ್‌ವೈಸರ್ ಒಬ್ಬರು, “ಪೊಲೀಸರಿಗೆ ಸುಳಿವು ಕೊಡುವವನ ಹಾಗಿದೆ ಮೇಡಂ” ಎಂದರು. ಆದ್ದರಿಂದ ಸದ್ಯಕ್ಕೆ ‘ಅಕ್ರಮವನ್ನು ತಿಳಿಸುವವರು’ ಎಂದು ಬಿಡಿಸಿ ಬರೆದಿದ್ದೇನೆ.

ಹೆಚ್ಚು ತೊಡಕಾಗಿರುವುದು ರಕ್ಷಣೆಯ ಭಾಗ. 2013ರ ಕಂಪನಿ ಕಾಯ್ದೆಯ 177ನೇ ಸೆಕ್ಷನ್, ಇಂಥ ವ್ಯವಸ್ಥೆಯಲ್ಲಿ ದೂರು ಕೊಟ್ಟವರಿಗೆ ಕಿರುಕುಳವಾಗದಂತೆ ಸಾಕಷ್ಟು ರಕ್ಷಣೆ ಇರಬೇಕೆನ್ನುತ್ತದೆ. ‘ಪ್ರತೀಕಾರ ಕೈಗೊಳ್ಳತಕ್ಕದ್ದಲ್ಲ’ ಎಂಬ ನನ್ನ ಮೊದಲ ವಾಕ್ಯ ಸರ್ಕಾರಿ ಸುತ್ತೋಲೆಯಂತಿದ್ದುದಲ್ಲದೆ, ಪ್ರತೀಕಾರವೆಂದರೆ ಹೊಡೆದಾಟವೆಂದೇ ಕೆಲವರು ತಿಳಿದರು. ಈಗ ‘ದೂರು ಕೊಟ್ಟ ಕಾರಣಕ್ಕೆ ನಿಮ್ಮನ್ನು ಕೆಲಸದಿಂದ ತೆಗೆಯುವಂತಿಲ್ಲ, ಬೇರೆ ಲೈನಿಗೆ ಹಾಕುವಂತಿಲ್ಲ, ಓಟಿ ತಪ್ಪಿಸುವಂತಿಲ್ಲ’ ಎಂದು ಬದಲಿಸಿದ್ದೇನೆ. ಆದರೆ ಹೀಗೆ ಕೆಲವನ್ನೇ ಹೆಸರಿಸಿದರೆ, ಹೆಸರಿಸದ ಕಿರುಕುಳಕ್ಕೆ ರಕ್ಷಣೆಯಿಲ್ಲವೆಂಬ ಅರ್ಥ ಬರುವುದೇ? ‘ಬೇರಾವ ರೀತಿಯಲ್ಲೂ ತೊಂದರೆ ಕೊಡುವಂತಿಲ್ಲ’ ಎಂದು ಸೇರಿಸಿದರೆ ಸಾಕೇ?

‘ಗುಡ್ ಫೇತ್’ ಎಂಬುದಕ್ಕೆ ‘ಸದ್ಭಾವನೆ’ ಒಗ್ಗದೆ, ‘ನಿಜವೆಂದು ನಂಬಿ’ ಎಂದಿಟ್ಟಿದ್ದೇನೆ. ಕಾನೂನು ಅನುವಾದದ ಅನುಭವವಿರುವವರು ದಯವಿಟ್ಟು ಈ ಎರಡು ವಾಕ್ಯಗಳನ್ನು ತಿದ್ದಿಕೊಡಿ. ಮುಂದಿನ ವಾರ ಇವು ಸೂಚನಾ ಫಲಕಕ್ಕೆ ಹೋಗಲಿವೆ.